ಕ್ಲೇಮ್ ಆಗಿಲ್ಲ ಅನ್ನೋ ಮಾತನ್ನು ಪಾಲಿಸಿ ಕಾಗದದಲ್ಲೇ ಪರೀಕ್ಷಿಸಿ

"2020ರ ಜೂನ್‌ನಲ್ಲಿ ರಿಜಿಸ್ಟರ್ ಆದ ಕಾರು, ಜಾಹೀರಾತು ನೋಡಿ ತಗೊಳ್ಳೋಣ ಅಂತಿದ್ದೀನಿ. ಮಾರೋರು ಪರಿಚಯದವರಲ್ಲ. ಒಂದು ಕ್ಲೇಮೂ ಆಗಿಲ್ಲ ಅಂತಾರೆ. 2025ರ ಜೂನ್‌ನಲ್ಲಿ ಶುರುವಾದ ಪಾಲಿಸಿ ಕಳಿಸಿದ್ದಾರೆ, ಅದರಲ್ಲಿ ಎನ್‌ಸಿಬಿ 20% ಅಂತಿದೆ. ಇನ್ನೇನು ನೋಡಬೇಕು?"

ಸರ್, ಮೊದಲು ಆ 20% ಅನ್ನೇ ಗಮನಿಸಿ. ಎನ್‌ಸಿಬಿ ಅಂದರೆ ನೋ ಕ್ಲೇಮ್ ಬೋನಸ್, ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಮುಂದಿನ ನವೀಕರಣಕ್ಕೆ 20% ಬೋನಸ್ ಸಿಗುತ್ತೆ. ಹಾಗೇ ಮುಂದುವರಿದರೆ 25, 35, 45, ಐದನೇ ವರ್ಷ ಮುಗಿದ ಮೇಲೆ 50. ಅವರು ಹೇಳಿದ್ದು ನಿಜವಾದರೆ 2025ರ ಪಾಲಿಸಿಯಲ್ಲಿ 50% ಇರಬೇಕಿತ್ತು. 20% ಇದೆ ಅಂದರೆ 2024ರ ಜೂನ್‌ನಲ್ಲಿ ಲೆಕ್ಕ ಸೊನ್ನೆಗೆ ಬಂದು ಮತ್ತೆ ಶುರುವಾಗಿದೆ.

ಹಾಗಂತ ಅವರು ಸುಳ್ಳು ಹೇಳಿದರು ಅಂತ ಈಗಲೇ ತೀರ್ಮಾನಿಸಬೇಡಿ. ಸೊನ್ನೆಯಾಗಲು ಮೂರು ಕಾರಣ ಇರಬಹುದು. 2023ರಿಂದ 2024ರ ನಡುವೆ ಕ್ಲೇಮ್ ಆಗಿರಬಹುದು. ಇಲ್ಲವೇ ಪಾಲಿಸಿ ಮುಗಿದು 90 ದಿನ ದಾಟಿದರೂ ನವೀಕರಿಸಿರಲಿಕ್ಕಿಲ್ಲ. ಇಲ್ಲವೇ ಆಗ ಮಾಲೀಕರೇ ಬದಲಾಗಿರಬಹುದು, ಯಾಕಂದರೆ ಎನ್‌ಸಿಬಿ ಕಾರಿನದ್ದಲ್ಲ, ಮಾಲೀಕರದ್ದು. ಆರ್‌ಸಿಯಲ್ಲಿ ಎಷ್ಟನೇ ಮಾಲೀಕರು ಅಂತ ನೋಡಿ. ಒಂದು ಅಂತಿದ್ದರೆ ಮೂರನೇ ಕಾರಣ ಬಿಟ್ಟುಹೋಯಿತು. ಆಮೇಲೆ 2024ರ ಪಾಲಿಸಿ ಕೇಳಿ. ಅದರಲ್ಲಿ ಹಿಂದಿನ ಪಾಲಿಸಿ ಯಾವತ್ತು ಮುಗಿಯಿತು ಅನ್ನೋ ಸಾಲು ಇರುತ್ತೆ. ಮುಗಿದ ಮರುದಿನವೇ ಹೊಸದು ಶುರುವಾಗಿದ್ದರೆ ನಡುವೆ ಖಾಲಿ ಬಿದ್ದಿಲ್ಲ, ಅಲ್ಲಿಗೆ ಉಳಿಯೋದು ಕ್ಲೇಮ್ ಒಂದೇ. ನಾಲ್ಕು ತಿಂಗಳ ಅಂತರ ಕಂಡರೆ ಆ ನಾಲ್ಕು ತಿಂಗಳಲ್ಲಿ ಕಾರು ಎಲ್ಲಿತ್ತು, ಏನಾಯಿತು ಅಂತ ಕೇಳಲೇಬೇಕು. ಖಾಲಿ ಬಿದ್ದ ಮೇಲೆ ಓನ್ ಡ್ಯಾಮೇಜ್, ಅಂದರೆ ಸ್ವಂತ ಕಾರಿಗಾದ ಹಾನಿಯ ಪಾಲಿಸಿ ಕೊಡುವ ಮುಂಚೆ ಕಂಪನಿಯವರು ಸಾಮಾನ್ಯವಾಗಿ ಕಾರು ಪರೀಕ್ಷೆ ಮಾಡಿ ಫೋಟೋ ತೆಗೀತಾರೆ. ಆ ವರದಿ ಮಾರುವವರ ಹತ್ತಿರ ಇದ್ದರೆ ಕೊಡಲಿ, ಅಂದಿನ ಡೆಂಟು, ಗೀರು ಎಲ್ಲಾ ಅದರಲ್ಲಿರುತ್ತೆ.

ಮೇಲೆ ಒಬ್ಬರು "ಎನ್‌ಸಿಬಿ 50% ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ" ಅಂದಿದ್ದಾರೆ. ಅರ್ಧ ಸರಿ. ಎನ್‌ಸಿಬಿ ಪ್ರೊಟೆಕ್ಷನ್ ಅನ್ನೋ ಆ್ಯಡ್-ಆನ್ ಹಾಕಿಸಿದ್ದರೆ ಕ್ಲೇಮ್ ಆದರೂ ಬೋನಸ್ ಉಳಿಯಬಹುದು. ಅದಕ್ಕಿಂತ ಮುಖ್ಯ, ಪಾಲಿಸಿಯಲ್ಲಿ ಅಚ್ಚಾದ ಎನ್‌ಸಿಬಿ ಹಿಂದಿನ ವರ್ಷಗಳ ಕಥೆ. ಈ ವರ್ಷ ಆದ ಕ್ಲೇಮು, ಇನ್ನೂ ಬಾಕಿ ಇರುವ ಕ್ಲೇಮು ಅದರಲ್ಲಿ ಕಾಣೋದೇ ಇಲ್ಲ.

ಬಾಕಿ ಕ್ಲೇಮ್ ತಿಳಿಯಲು ನೀವೇ ಕಂಪನಿಗೆ ಫೋನ್ ಮಾಡಿದರೆ ಅಪರಿಚಿತರಿಗೆ ವಿವರ ಕೊಡಲ್ಲ. ಮಾರುವವರನ್ನು ಎದುರಿಗೆ ಕೂರಿಸಿಕೊಂಡು ಅವರ ಫೋನಿಂದಲೇ, ಪಾಲಿಸಿಯಲ್ಲಿರುವ ಕಸ್ಟಮರ್ ಕೇರ್ ನಂಬರಿಗೆ ಸ್ಪೀಕರ್ ಹಾಕಿ ಮಾಡಿಸಿ. ಈ ವರ್ಷ ಎಷ್ಟು ಕ್ಲೇಮ್ ದಾಖಲಾಗಿದೆ, ಯಾವುದಾದರೂ ತೆರೆದೇ ಇದೆಯಾ ಅಂತ ಕೇಳಿಸಿ. ಉತ್ತರ ಅವರ ಇಮೇಲಿಗೆ ಬಂದರೆ ಇನ್ನೂ ಒಳ್ಳೇದು. ಹಾನಿ ನೋಡೋಕೆ ಇನ್ಶೂರೆನ್ಸ್ ಸರ್ವೇಯರ್ ಬಂದುಹೋಗಿ ರಿಪೇರಿ ಆಗದೇ ನಿಂತ ಕಾರಿಗೆ ಬರೀ ಪೇಂಟ್ ಬಳಿದು ಮಾರುವವರೂ ಇರುತ್ತಾರೆ. ಆ ಹಳೇ ಹಾನಿಗೆ ಮುಂದೆ ನಿಮ್ಮ ಹೆಸರಲ್ಲಿ ಕ್ಲೇಮ್ ಹಾಕಿದರೆ ನಡೆಯೋದಿಲ್ಲ. ಶೋರೂಮಿನ ಸರ್ವಿಸ್ ಹಿಸ್ಟರಿಯನ್ನೂ ತರಿಸಿ, ಬಾಡಿಶಾಪ್ ಬಿಲ್ಲನ್ನು ಇನ್ಶೂರೆನ್ಸ್ ಕಟ್ಟಿದ್ದರೆ ಅದರಲ್ಲಿ ಸಿಕ್ಕಿಬೀಳುತ್ತೆ. ಬಂಪರ್ ಕ್ಲೇಮಿಗೆ ನಾನು ತಲೆ ಕೆಡಿಸಿಕೊಳ್ಳಲ್ಲ. ಚಾಸಿ, ಏರ್‌ಬ್ಯಾಗ್ ಅಂತ ಬಿಲ್ಲಲ್ಲಿ ಕಂಡರೆ ಆ ಕಾರು ನನಗೆ ಬೇಡ.

"ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಇನ್ಶೂರೆನ್ಸ್ ವ್ಯಾಲಿಡ್ ಅಂತ ತೋರಿಸಿದರೆ ಆಯ್ತಲ್ಲ" ಅಂತ ಇನ್ನೊಬ್ಬರು ಕೇಳಿದ್ದಾರೆ. ಅದು ತೋರಿಸೋ ದಿನಾಂಕ ಬರೀ ಥರ್ಡ್ ಪಾರ್ಟಿಯದ್ದೂ, ಅಂದರೆ ಬೇರೆಯವರಿಗೆ ಆದ ಹಾನಿಯ ಇನ್ಶೂರೆನ್ಸಿನದ್ದೂ, ಆಗಿರಬಹುದು. 2018ರ ಸೆಪ್ಟೆಂಬರ್ ನಂತರ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯವಾಯಿತು, ಓನ್ ಡ್ಯಾಮೇಜ್ ಮಾತ್ರ ಒಂದು ವರ್ಷಕ್ಕೇ ಮುಗಿದಿರಬಹುದು. ಪಾಲಿಸಿಯಲ್ಲಿ ಎರಡರ ದಿನಾಂಕವನ್ನೂ ಬೇರೆಬೇರೆ ನೋಡಿ. ಚಾಸಿ ನಂಬರನ್ನು ಕಾರಿನ ಮೇಲಿರೋದಕ್ಕೆ ಹೋಲಿಸಿ.

ಹಳೇ ಕಾರು ಮಾರಿದರೆ ತಮ್ಮ ಎನ್‌ಸಿಬಿ ಏನಾಗುತ್ತೆ ಅಂತ ಕೇಳಿದ ಮೇಡಂ, ನಿಮ್ಮ ಪ್ರಶ್ನೆ ಬೇರೆಯೇ. ನಿಮ್ಮ ಎನ್‌ಸಿಬಿ ನಿಮ್ಮಲ್ಲೇ ಉಳಿಯುತ್ತೆ. ಕಂಪನಿಯಿಂದ ಪತ್ರ ತಗೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು.

ಕಾರು ಆಗಲೇ ಯಾರಿಗಾದರೂ ಗುದ್ದಿ ಪರಿಹಾರದ ಕೇಸು ನಡೀತಿದ್ದರೆ ಎನ್‌ಸಿಬಿಯಲ್ಲಿ ಗೊತ್ತಾಗಲ್ಲ. ಇದಕ್ಕೆ ಪಕ್ಕಾ ದಾರಿ ಯಾರಿಗಾದರೂ ಗೊತ್ತಿದ್ದರೆ ಬರೀರಿ. ನಾನಂತೂ ಮಾರುವವರಿಂದ, ಮಾರಾಟದ ದಿನಕ್ಕೆ ಮುಂಚಿನ ಅಪಘಾತ, ಕ್ಲೇಮ್ ಎಲ್ಲಕ್ಕೂ ತಾವೇ ಹೊಣೆ ಅಂತ ಬರೆಸಿ, ಡೆಲಿವರಿ ದಿನಾಂಕದ ಜೊತೆ ಸಮಯವನ್ನೂ ಹಾಕಿಸ್ತೀನಿ.

ಎಲ್ಲಾ ಸರಿಯಿದ್ದು ತಗೊಂಡರೆ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಥರ್ಡ್ ಪಾರ್ಟಿ ಕಾನೂನಿನಂತೆ ತಾನಾಗೇ ನಿಮಗೆ ಬರುತ್ತೆ, ಓನ್ ಡ್ಯಾಮೇಜ್ ಬರಲ್ಲ. ಅವರ 20% ರಿಯಾಯಿತಿಯ ವ್ಯತ್ಯಾಸವನ್ನು ನೀವು ಕಟ್ಟಬೇಕಾಗುತ್ತೆ, ಬೆಲೆ ಮಾತಾಡುವಾಗಲೇ ಅದನ್ನು ಲೆಕ್ಕಕ್ಕೆ ಹಿಡೀರಿ.