ಎರಡು ಕೌಂಟರ್ ಸಾಕಾ? ಮೊದಲು ಪ್ಲೇಟ್ ಎಣಿಸಿ

ಪ್ರಶ್ನೆ: ಸರ್, ಮುಂದಿನ ತಿಂಗಳು ಮಗಳ ರಿಸೆಪ್ಷನ್ ಇದೆ. 600 ಜನ ಬರಬಹುದು. ಬಫೆಗೆ ಎರಡು ಕೌಂಟರ್ ಸಾಕು ಅಂತ ಅಡುಗೆಯವರು ಹೇಳ್ತಾರೆ. ಹೋದ ವರ್ಷ ನಮ್ಮಣ್ಣನ ಮಗನ ಮದುವೇಲಿ ಎರಡು ಕೌಂಟರ್ ಇದ್ರೂ ಅರ್ಧ ಗಂಟೆ ನಿಂತ್ವಿ, ಕೆಲವರು ಊಟ ಮಾಡದೇ ಹೊರಟುಹೋದ್ರು. ಲೆಕ್ಕ ಹಾಕೋದು ಹೇಗೆ?
— ರಾಜಾಜಿನಗರದ ಓದುಗರು

ಉತ್ತರ: ನಿಮ್ಮ ಅಡುಗೆಯವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರು ಹೇಳಿದ್ದು ಅರ್ಧ ಮಾತ್ರ. ಎರಡು ಕೌಂಟರ್ ಸಾಕಾಗುವುದು, ಬಿಡುವುದು ಒಂದೇ ಒಂದು ಅಂಕಿಯ ಮೇಲೆ ನಿಂತಿದೆ: ಲೈನಿನ ಕೊನೆಯಲ್ಲಿ ಎಷ್ಟು ಸೆಕೆಂಡಿಗೊಂದು ತುಂಬಿದ ಪ್ಲೇಟ್ ಹೊರಗೆ ಬರುತ್ತದೆ?

ಒಬ್ಬರು ಪ್ಲೇಟ್ ತಗೊಂಡು ಕೊನೆ ಮುಟ್ಟಲು ಎಷ್ಟು ಹೊತ್ತು ಬೇಕು ಎಂದು ನೋಡಬೇಡಿ. ಬಹಳ ಜನ ಅಲ್ಲೇ ಎಡವುತ್ತಾರೆ. ಹನ್ನೆರಡು ಐಟಂ ಇದ್ದರೆ ಒಬ್ಬರಿಗೆ ಮೂರು ನಿಮಿಷ ಹಿಡಿಯಬಹುದು. ಆದರೆ ಅವರ ಹಿಂದೆಯೇ ಇನ್ನೂ ಹತ್ತು ಜನ ನಡೆದುಬರುತ್ತಿರುತ್ತಾರೆ, ಅಲ್ವಾ? ಹಾಗಾಗಿ ಲೈನಿನ ಉದ್ದ ಮುಖ್ಯವಲ್ಲ. ಅದರಲ್ಲಿ ಎಲ್ಲಕ್ಕಿಂತ ನಿಧಾನವಾದ ಜಾಗ ಯಾವುದೋ, ಇಡೀ ಲೈನ್ ಆ ವೇಗದಲ್ಲೇ ನಡೆಯುತ್ತದೆ.

ನಾನು ಮೊದಲು ಪೀಣ್ಯದಲ್ಲಿ ಒಂದು ಫ್ಯಾಕ್ಟರಿಯ ಅಸೆಂಬ್ಲಿ ಲೈನ್ ನೋಡಿಕೊಳ್ಳುತ್ತಿದ್ದೆ. ಆ ಚಾಳಿ ಮದುವೆ ಮನೆಯಲ್ಲೂ ಬಿಡುವುದಿಲ್ಲ. ಒಮ್ಮೆ ಒಂದು ಊಟದಲ್ಲಿ ವಾಚ್ ಹಿಡಿದು ನಿಂತೆ. 24 ಸೆಕೆಂಡಿಗೊಂದು ಪ್ಲೇಟ್ ಹೊರಗೆ ಬರುತ್ತಿತ್ತು. ಇನ್ನೊಂದು ಟೇಬಲ್ ಹಾಕಬೇಕಿತ್ತು ಎಂದು ಎಲ್ಲರೂ ಗೊಣಗುತ್ತಿದ್ದರು. ಲೈನಿನ ಉದ್ದಕ್ಕೂ ಒಮ್ಮೆ ನಡೆದು ನೋಡಿದೆ. ಬಿಸಿಬೇಳೆಬಾತಿನ ಪಾತ್ರೆಯವರೆಗೆ ಜನ ಒತ್ತಿಕೊಂಡು ನಿಂತಿದ್ದರು. ಅದು ದಾಟಿದ ಮೇಲೆ ಇಬ್ಬರ ನಡುವೆ ಮೂರು ನಾಲ್ಕು ಅಡಿ ಖಾಲಿ. ಪಲ್ಯ ಬಡಿಸುವವನು ಸೌಟು ಹಿಡಿದು ಸುಮ್ನೆ ನಿಂತಿದ್ದ. ಹಿಂದೆ ಇಕ್ಕಟ್ಟು, ಮುಂದೆ ಖಾಲಿ ಎಂದರೆ ಕಟ್ಟಿಕೊಂಡಿರುವ ಜಾಗ ಅದೇ.

ಅಲ್ಲಿ ಒಬ್ಬನೇ ಹುಡುಗ ಬಾತ್ ಹಾಕಬೇಕು, ಸೌಟು ಇಟ್ಟು ತುಪ್ಪದ ಚಮಚ ಎತ್ತಬೇಕು, ಆಮೇಲೆ ಬೂಂದಿ ಉದುರಿಸಬೇಕು. ‘ಸ್ವಲ್ಪ ಜಾಸ್ತಿ ಹಾಕಪ್ಪ’ ಅಂದವರಿಗೆ ಮತ್ತೆ ಸೌಟು ಎತ್ತಬೇಕು. ಪಕ್ಕದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ ತುಪ್ಪ ಮತ್ತು ಬೂಂದಿ ಅವನ ಕೈಗೆ ಕೊಟ್ಟೆವು. 24 ಸೆಕೆಂಡ್ ಇದ್ದದ್ದು 15ಕ್ಕೆ ಇಳಿಯಿತು. ಅಂದರೆ ನಿಮಿಷಕ್ಕೆ ಎರಡೂವರೆ ಪ್ಲೇಟ್ ಇದ್ದದ್ದು ನಾಲ್ಕಾಯಿತು. ಹೊಸ ಟೇಬಲ್ ಹಾಕಲೇ ಇಲ್ಲ.

ಇನ್ನು ಊಟದ ಕಡೆಗೆ ನಿಮಿಷಕ್ಕೆ ಎಷ್ಟು ಜನ ಬರುತ್ತಾರೆ ಎನ್ನುವುದು. 600ನ್ನು ಎರಡೂವರೆ ಗಂಟೆಗೆ ಭಾಗಿಸಿದರೆ ನಿಮಿಷಕ್ಕೆ ನಾಲ್ಕು. ಆ ಲೆಕ್ಕ ನಂಬಬೇಡಿ. ಬೆಂಗಳೂರಿನಲ್ಲಿ ಆಫೀಸ್ ಮುಗಿಸಿ, ಟ್ರಾಫಿಕ್ ದಾಟಿ ಎಲ್ಲರೂ ಎಂಟರ ನಂತರ ಒಟ್ಟಿಗೇ ಬಂದು ಇಳಿಯುತ್ತಾರೆ. ಆದರೆ ರಿಸೆಪ್ಷನ್‌ನಲ್ಲಿ ಒಂದು ಅನುಕೂಲ ಇದೆ. ಬಂದವರು ಮೊದಲು ಸ್ಟೇಜ್ ಲೈನಿನಲ್ಲಿ ನಿಲ್ಲುತ್ತಾರೆ. ಆ ಲೈನೇ ಊಟದ ಮನೆಗೆ ನಲ್ಲಿ ಇದ್ದ ಹಾಗೆ. ಮುಯ್ಯಿ ಕೊಟ್ಟು, ಫೋಟೋ ತೆಗೆಸಿಕೊಂಡು ಇಳಿಯಲು ಒಂದು ಕುಟುಂಬಕ್ಕೆ 40 ಸೆಕೆಂಡ್, ಕುಟುಂಬದಲ್ಲಿ ಸರಾಸರಿ ಮೂವರು ಎಂದುಕೊಳ್ಳಿ. ಗಂಟೆಗೆ 270 ಜನ ಸ್ಟೇಜ್ ಇಳಿದು ಊಟಕ್ಕೆ ಬರುತ್ತಾರೆ. ‘ಮೊದಲು ಊಟ, ಆಮೇಲೆ ಸ್ಟೇಜ್’ ಅನ್ನುವ ಜಾಣರು ಇನ್ನೊಂದು 90 ಜನ ಇರಲಿ. ಒಟ್ಟು 360, ನಿಮಿಷಕ್ಕೆ ಆರು ಜನ.

ಈಗ ಎರಡು ಕೌಂಟರ್ ಇಟ್ಟು ನೋಡೋಣ. 15 ಸೆಕೆಂಡಿಗೊಂದು ಪ್ಲೇಟ್ ಆದರೆ ಎರಡೂ ಸೇರಿ ನಿಮಿಷಕ್ಕೆ ಎಂಟು. ಬರುವವರು ಆರು. ನಿರಾಳ. 24 ಸೆಕೆಂಡ್ ಆದರೆ ನಿಮಿಷಕ್ಕೆ ಐದೇ. ಪ್ರತಿ ನಿಮಿಷ ಒಬ್ಬರು ಉಳಿದುಕೊಳ್ಳುತ್ತಾರೆ, ಒಂದು ಗಂಟೆಯಲ್ಲಿ 60 ಜನ ಲೈನಿನಲ್ಲಿರುತ್ತಾರೆ. ಕೊನೆಯವರಿಗೆ 12 ನಿಮಿಷ ಕಾಯುವ ಕೆಲಸ. ಇಷ್ಟಾದರೆ ಯಾರೂ ಊಟ ಬಿಟ್ಟು ಹೋಗುವುದಿಲ್ಲ.

ನಿಮ್ಮ ಅಣ್ಣನ ಮನೆಯ ಅರ್ಧ ಗಂಟೆ ಎಲ್ಲಿಂದ ಬಂತು ಹಾಗಾದರೆ? ಪಾತ್ರೆ ಖಾಲಿಯಾದಾಗ ಎಂಬುದು ನನ್ನ ಗುಮಾನಿ. ಬಾತ್ ಮುಗಿಯಿತು, ಹೊಸ ಪಾತ್ರೆ ಅಡುಗೆ ಮನೆಯಿಂದ ಲಿಫ್ಟ್‌ನಲ್ಲಿ ಬರಬೇಕು. ಮೂರು ನಿಮಿಷ ಇಡೀ ಲೈನ್ ನಿಂತುಬಿಡುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಹೀಗಾದರೆ ಐದರಲ್ಲಿ ಒಂದು ಪಾಲು ಸಮಯ ಹೋಯಿತು. ನಿಮಿಷಕ್ಕೆ ಐದು ಇದ್ದದ್ದು ನಾಲ್ಕಾಯಿತು. ಈಗ ಪ್ರತಿ ನಿಮಿಷ ಇಬ್ಬರು ಉಳಿಯುತ್ತಾರೆ. ಗಂಟೆಗೆ 120 ಜನ, ನಿಮಿಷಕ್ಕೆ ನಾಲ್ಕರಂತೆ ಭಾಗಿಸಿದರೆ ಸರಿಯಾಗಿ ಅರ್ಧ ಗಂಟೆ. ಸೆಕೆಂಡಿನಲ್ಲಿ ಸಣ್ಣ ವ್ಯತ್ಯಾಸ, ಕಾಯುವುದರಲ್ಲಿ ದೊಡ್ಡದು.

15 ಸೆಕೆಂಡಿನ ಲೈನಿನಲ್ಲೂ ಹೀಗೆ ನಿಂತರೆ ಎಂಟು ಇದ್ದದ್ದು 6.4 ಆಗುತ್ತದೆ. ಆರಕ್ಕಿಂತ ಜಾಸ್ತಿ ಇದೆ, ನಿಜ. ಆದರೆ ಜನ ನಿಮಿಷಕ್ಕೆ ಆರರಂತೆ ಸಾಲಾಗಿ ಬರುವುದಿಲ್ಲ. ಟೆಂಪೋ ಟ್ರಾವೆಲರ್‌ನಿಂದ ಹದಿನೈದು ಜನ ಒಮ್ಮೆಗೇ ಇಳಿಯುತ್ತಾರೆ. ಹಾಗಾಗಿ ಕೌಂಟರ್‌ಗಳ ಶಕ್ತಿಯ 80 ಪರ್ಸೆಂಟ್‌ಗಿಂತ ಹೆಚ್ಚು ಬಳಸುವ ಹಾಗೆ ನಾನು ಪ್ಲಾನ್ ಮಾಡುವುದಿಲ್ಲ. ನಿಮ್ಮ ವಿಷಯದಲ್ಲಿ ನನ್ನ ತೀರ್ಮಾನ ಹೀಗೆ: ಬಿಸಿ ಪಾತ್ರೆಗಳು ಬಡಿಸುವವರ ಬೆನ್ನ ಹಿಂದೆಯೇ ರೆಡಿ ಇದ್ದರೆ ಎರಡು ಸಾಕು. ಅಡುಗೆ ಮನೆ ಬೇರೆ ಮಹಡಿಯಲ್ಲಿದ್ದರೆ ಮೂರು ಕೇಳಿ. ‘ಎರಡು ಕೌಂಟರ್’ ಅಂದರೆ ಏನು ಅಂತಲೂ ಕೇಳಿ. ಕೆಲವರು ಒಂದೇ ಟೇಬಲ್ಲಿನ ಎರಡು ಬದಿಯನ್ನು ಎರಡು ಎಂದು ಎಣಿಸುತ್ತಾರೆ. ಅದು ತಪ್ಪಲ್ಲ, ಆದರೆ ಪಾತ್ರೆ ಖಾಲಿಯಾದರೆ ಎರಡೂ ಬದಿ ಒಟ್ಟಿಗೇ ನಿಲ್ಲುತ್ತವೆ.

ದೋಸೆ ಇಟ್ಟಿದ್ದೀರಾ? ಅದನ್ನು ಮುಖ್ಯ ಲೈನಿನಿಂದ ದೂರ ಹಾಕಿಸಿ. ಒಂದು ಕಾವಲಿಯಲ್ಲಿ ನಾಲ್ಕು ನಿಮಿಷಕ್ಕೆ ಆರು ದೋಸೆ ಎಂದರೆ ಗಂಟೆಗೆ 90. ಆ 360 ಜನರಲ್ಲಿ ಅರ್ಧ ಜನ ದೋಸೆ ಕೇಳಿದರೂ 180 ಆಯಿತು, ಎರಡು ಕಾವಲಿ ಬೇಕೇ ಬೇಕು. ಎರಡನೇ ಸಲ ಮೊಸರನ್ನಕ್ಕೆ ಬರುವವರಿಗೂ ಪಕ್ಕದಲ್ಲಿ ಒಂದು ಸಣ್ಣ ಟೇಬಲ್ ಇರಲಿ. ಇಲ್ಲದಿದ್ದರೆ ಅವರು ನಡುವೆ ಕೈ ಹಾಕುತ್ತಾರೆ, ಬೇಡ ಅನ್ನೋಕೂ ಆಗಲ್ಲ.

ಮುಂದಿನ ತಿಂಗಳೊಳಗೆ ಇದೇ ಅಡುಗೆಯವರ ಬೇರೊಂದು ಊಟ ಇದ್ದರೆ ಹೋಗಿ ಬನ್ನಿ. ಎಂಟೂವರೆ ಹೊತ್ತಿಗೆ ಲೈನಿನ ಕೊನೆಯಲ್ಲಿ ನಿಂತು ಹತ್ತು ನಿಮಿಷ ಪ್ಲೇಟ್ ಎಣಿಸಿ. ಒಂದು ಲೈನಿನಿಂದ 40 ಬಂದರೆ ಸರಿ. 25 ಬಂದರೆ ಯಾವ ಪಾತ್ರೆಯ ಮುಂದೆ ಇಕ್ಕಟ್ಟು ಇದೆ ನೋಡಿ, ಅಲ್ಲಿ ಇನ್ನೊಬ್ಬರನ್ನು ನಿಲ್ಲಿಸುವಂತೆ ಮೊದಲೇ ಮಾತಾಡಿಕೊಳ್ಳಿ.

ಕಾರ್ಯಕ್ರಮದ ದಿನ ಈ ಕೆಲಸ ನೀವು ಮಾಡಬೇಡಿ, ಮನೆಯ ಹುಡುಗರಲ್ಲಿ ಒಬ್ಬನಿಗೆ ಒಪ್ಪಿಸಿ. ಅವನು ಲೈನಿನಲ್ಲಿ ತಲೆ ಎಣಿಸಿ ನಾಲ್ಕರಿಂದ ಭಾಗಿಸಲಿ, ಎಷ್ಟು ನಿಮಿಷ ಕಾಯಬೇಕು ಅನ್ನುವುದು ಬರುತ್ತದೆ. ಈ ಸರಳ ಸಂಬಂಧವನ್ನು 1961ರಲ್ಲಿ ಜಾನ್ ಲಿಟಲ್ ಅನ್ನುವವರು ಗಣಿತದಲ್ಲಿ ಸಾಬೀತು ಮಾಡಿದ್ದಾರೆ. ಒಂದು ಲೈನಿನಲ್ಲಿ 40 ತಲೆ ದಾಟಿದರೆ ಅವನು ನಿಮಗೆ ಫೋನ್ ಮಾಡಲಿ. ಆಗ ಸ್ಟೇಜ್ ಇಳಿಯುವವರಿಗೆ ‘ಊಟ ಮಾಡ್ಕೊಂಡು ಹೋಗಿ’ ಅಂತ ಅವಸರ ಮಾಡಬೇಡಿ. ಕೂರಿಸಿ, ಜ್ಯೂಸ್ ಕೊಟ್ಟು, ಹತ್ತು ನಿಮಿಷ ಮಾತಾಡಿಸಿ.