ಡಬ್ಬಿ ತುಂಬಿದೆ, ಆದರೂ ಹೀಟರ್ ತಣ್ಣಗೆ

ಕಾರು ಓಡಿಸುವಾಗ ಹೀಟರ್‌ನಿಂದ ಸ್ವಲ್ಪ ಬಿಸಿ ಗಾಳಿ ಬರುತ್ತೆ. ಸಿಗ್ನಲ್‌ನಲ್ಲಿ ನಿಂತರೆ ಪೂರ್ತಿ ತಣ್ಣಗಾಗುತ್ತೆ. ಕೂಲೆಂಟ್ ಡಬ್ಬಿ ತುಂಬಿದೆ. ಆದರೂ ಮೆಕ್ಯಾನಿಕ್ ಹೀಟರ್ ಕೋರ್ ಬದಲಿಸಬೇಕು ಅಂತಾರೆ. ಬದಲಿಸಲಾ?

ಸದ್ಯಕ್ಕೆ ಬೇಡ. ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಬೇಜಾರಾಗುತ್ತದೆ. ಹೀಟರ್ ಕೋರ್ ಅಂದರೆ ಬಿಸಿ ಕೂಲೆಂಟ್ ಹರಿದು ಒಳಗಿನ ಗಾಳಿಯನ್ನು ಬಿಸಿ ಮಾಡುವ ಸಣ್ಣ ರೇಡಿಯೇಟರ್. ಅದನ್ನು ಬದಲಿಸಲು ಹೆಚ್ಚಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕುವ ಮುಂಚೆ ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ಯಾರೂ ನೋಡುವುದಿಲ್ಲ.

ನಿಂತಾಗ ತಣ್ಣಗೆ, ಓಡಿಸಿದಾಗ ಬಿಸಿ ಅನ್ನುವುದು ಕೂಲೆಂಟ್ ಕಡಿಮೆಯಾಗಿ ಒಳಗೆ ಗಾಳಿ ಸೇರಿರುವ ಲಕ್ಷಣ. ಹಲವು ಕಾರುಗಳಲ್ಲಿ ಹೀಟರ್ ಕೋರ್ ಎತ್ತರದಲ್ಲಿರುತ್ತದೆ, ಗಾಳಿ ಹೋಗಿ ಅಲ್ಲೇ ಕೂರುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ವಾಟರ್ ಪಂಪಿಗೆ ಕೂಲೆಂಟನ್ನು ಅಲ್ಲಿಯವರೆಗೆ ತಳ್ಳುವ ಬಲವಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಒಂದಿಷ್ಟು ಹೋಗುತ್ತದೆ, ಗಾಳಿ ಬಿಸಿಯಾಗುತ್ತದೆ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದೂ ಕೇಳಿಸುತ್ತಿದ್ದರೆ ಅನುಮಾನವೇ ಬೇಡ.

"ಡಬ್ಬಿ ತುಂಬಿದೆಯಲ್ಲ" ಅಂತೀರಿ. ಡಬ್ಬಿಯನ್ನು ನಂಬಿಯೇ ಎಲ್ಲರೂ ಮೋಸ ಹೋಗುವುದು. ನಿಮ್ಮ ಕಾರಿನ ರೇಡಿಯೇಟರಿಗೆ ತನ್ನದೇ ಮುಚ್ಚಳವಿದ್ದರೆ, ಆ ಡಬ್ಬಿ ಬರೀ ಹೆಚ್ಚಾದದ್ದನ್ನು ಹಿಡಿದಿಡುವ ಜಾಗ. ಎಂಜಿನ್ ಬಿಸಿಯಾದಾಗ ಕೂಲೆಂಟ್ ಹಿಗ್ಗಿ ಡಬ್ಬಿಗೆ ಬರುತ್ತದೆ. ತಣ್ಣಗಾದಾಗ ರೇಡಿಯೇಟರ್ ಅದನ್ನು ವಾಪಸ್ ಎಳೆದುಕೊಳ್ಳಬೇಕು. ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ, ಇಲ್ಲವೇ ಡಬ್ಬಿಯ ಸಣ್ಣ ಪೈಪ್ ಸೀಳಿದ್ದರೆ, ಕೂಲೆಂಟ್ ಬದಲು ಗಾಳಿ ಒಳಗೆ ಹೋಗುತ್ತದೆ. ಆಗ ಡಬ್ಬಿ ತುಂಬಿಯೇ ಇರುತ್ತದೆ, ರೇಡಿಯೇಟರ್ ಖಾಲಿಯಾಗುತ್ತಾ ಬರುತ್ತದೆ.

ಕೋರ್ ಬದಲಿಸಿ ಅಂತಲೇ ಒಬ್ಬರು ನನ್ನ ಹತ್ತಿರ ಕಾರು ತಂದಿದ್ದರು. ಡಬ್ಬಿ ಮೇಲಿನ ಗೆರೆಯವರೆಗೂ ತುಂಬಿತ್ತು. ರಾತ್ರಿ ಅಲ್ಲೇ ನಿಲ್ಲಿಸಿಕೊಂಡು, ಬೆಳಿಗ್ಗೆ ಮುಚ್ಚಳ ತೆಗೆದರೆ ರೇಡಿಯೇಟರಿನಲ್ಲಿ ಕೂಲೆಂಟ್ ಕಣ್ಣಿಗೇ ಕಾಣಲಿಲ್ಲ. ಸುಮಾರು ಒಂದೂವರೆ ಲೀಟರ್ ಹಿಡಿಯಿತು. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿತ್ತು. ಹೊಸ ಮುಚ್ಚಳ ಹಾಕಿ, ಕಾರಿನ ಮೂತಿ ಮೇಲೆ ಬರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ಗಾಳಿ ಹೊರಗೆ ಬಿಟ್ಟೆವು. ಮಾರನೇ ದಿನ ಡಬ್ಬಿಯ ಮಟ್ಟ ತಾನಾಗಿಯೇ ಇಳಿದಿತ್ತು. ವಾಪಸ್ ಎಳೆಯುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಸ್ವಲ್ಪ ಕೂಲೆಂಟ್ ಸೇರಿಸಿದೆ. ಕೋರ್ ಮುಟ್ಟಲೇ ಇಲ್ಲ.

ಎಂಜಿನ್ ಪೂರ್ತಿ ತಣ್ಣಗಾಗದೆ ಮುಚ್ಚಳ ಮುಟ್ಟಲೇಬೇಡಿ. ಒತ್ತಡದಲ್ಲಿರುವ ಕೂಲೆಂಟ್ 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ. ತೆಗೆದ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಹಾಗೆ ಸುಟ್ಟುಕೊಂಡ ಕೈಗಳನ್ನು ನಾನು ನೋಡಿದ್ದೇನೆ. ರೇಡಿಯೇಟರಿಗೆ ಮುಚ್ಚಳವೇ ಇಲ್ಲದೆ, ಡಬ್ಬಿಗೇ ಒತ್ತಡದ ಮುಚ್ಚಳವಿದ್ದರೆ ಅದಕ್ಕೂ ಇದೇ ಮಾತು.

ಕೂಲೆಂಟ್ ತುಂಬಿ ಗಾಳಿ ಬಿಟ್ಟ ಮೇಲೂ ಬಿಸಿ ಬರದಿದ್ದರೆ ಆಗ ಕೋರ್ ನೋಡಿ. ಎಂಜಿನ್ ಬಿಸಿ ಮಾಡಿ, ಹೀಟರ್ ಹಾಕಿ, ಕ್ಯಾಬಿನ್ ಗೋಡೆಯೊಳಗೆ ಹೋಗುವ ಎರಡು ಹೋಸ್ ಪೈಪುಗಳನ್ನು ಹುಷಾರಾಗಿ ಮುಟ್ಟಿ. ಬೆಲ್ಟ್ ಮತ್ತು ಫ್ಯಾನಿನಿಂದ ಕೈ ದೂರ ಇರಲಿ. ಒಂದು ಸುಡುವಷ್ಟು ಬಿಸಿ, ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿದೆ ಅಂತಲೇ ಹೆಚ್ಚು ಅನುಮಾನ. ಎರಡೂ ಬಿಸಿಯಿದ್ದೂ ಗಾಳಿ ತಣ್ಣಗಿದ್ದರೆ ಒಳಗೆ ಗಾಳಿಯನ್ನು ತಿರುಗಿಸುವ ಬಾಗಿಲು ಕೈಕೊಟ್ಟಿದೆ, ಕೋರ್ ಅಲ್ಲ. ಕಟ್ಟಿದ ಕೋರನ್ನೂ ಮೊದಲು ಹಿಮ್ಮುಖವಾಗಿ ನೀರು ಬಿಟ್ಟು ತೊಳೆದು ನೋಡಿ. ಒತ್ತಡ ಕಡಿಮೆ ಇರಲಿ, ಅದರ ಕೊಳವೆಗಳು ತುಂಬಾ ತೆಳು.

ತುಂಬಿದ ಮೇಲೂ ಕೂಲೆಂಟ್ ಮತ್ತೆ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಸುಮ್ನೆ ಸುರಿಯುತ್ತಾ ಓಡಿಸಬೇಡಿ, ಎಂಜಿನ್ ಹೋಗುತ್ತದೆ.

ಸೋರಿಕೆ ನಿಲ್ಲಿಸುವ ಪುಡಿ ಹಾಕಬಹುದಾ?

ಬೇಡ. ಸೋರುವ ತೂತು ಮುಚ್ಚುವ ಪುಡಿ ಹೀಟರ್ ಕೋರಿನ ಸಣ್ಣ ಕೊಳವೆಗಳನ್ನೂ ಮುಚ್ಚಬಹುದು. ಅದನ್ನು ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಹೀಟರ್‌ಗೆ ಗ್ಯಾಸ್ ತುಂಬಿಸಬೇಕು ಅಂದರು. ಎಷ್ಟು ತುಂಬಿಸಬೇಕು?

ಗ್ಯಾಸ್ ಇರುವುದು ಎಸಿಗೆ. ಈ ಹೀಟರ್ ಬಿಸಿಯಾಗುವುದು ಎಂಜಿನ್ ಕೂಲೆಂಟಿನಿಂದ. ಹಾಗೆ ಹೇಳಿದವರ ಹತ್ತಿರ ಕಾರು ಬಿಡಬೇಡಿ.

ಕೂಲೆಂಟ್ ಬದಲು ನಲ್ಲಿ ನೀರು ಸಾಕಲ್ವಾ?

ಸಾಲದು. ತುಕ್ಕು, ಸುಣ್ಣ ಕಟ್ಟಿ ಕೋರ್ ಹಾಳಾಗುತ್ತದೆ. ಕಾರಿನ ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನೇ ಹಾಕಿ.