ಹುರುಳಿಕಾಯಿ ಬಾಟಲಿ: ಮೂರು ಗಂಟೆ ಕುದಿಸಿದರೂ ಸಾಲದು

"ಬೆಂಗಳೂರಿನಲ್ಲಿದ್ದೇನೆ. ಹುರುಳಿಕಾಯಿಯನ್ನು ಉಪ್ಪುನೀರಿನಲ್ಲಿ ಬಾಟಲಿಗೆ ತುಂಬಿ ಮೂರು ಗಂಟೆ ಕುದಿಸಿದರೆ ಆರು ತಿಂಗಳು ಹೊರಗಿಡಬಹುದೇ?"

ಇಡಬಾರದು. ಮಣ್ಣಿನಿಂದ ಕಾಯಿಗೆ ಅಂಟಿಬರುವ ಕ್ಲಾಸ್ಟ್ರಿಡಿಯಮ್ ಬಾಟುಲಿನಮ್ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲಿ ಗಂಟೆಗಟ್ಟಲೆ ಉಳಿಯಬಲ್ಲವು. ಅದರಲ್ಲೂ ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಬಿಗಿಯಾಗಿ ಮುಚ್ಚಿದ ಬಾಟಲಿಯೊಳಗೆ ಈ ಬ್ಯಾಕ್ಟೀರಿಯಾ ಬೆಳೆಯಲು ಅಡ್ಡಿಯಾಗುವ ಆಮ್ಲಜನಕವಿರುವುದಿಲ್ಲ. ಕುದಿತಕ್ಕೆ ಇತರ ಸೂಕ್ಷ್ಮಜೀವಿಗಳು ಸತ್ತಿರುವುದರಿಂದ ಉಳಿದ ಬೀಜಕಗಳಿಗೆ ಪೈಪೋಟಿಯೂ ಇಲ್ಲ. ಅವು ಮೊಳೆತು ನರಗಳನ್ನು ನಿಶ್ಚೇಷ್ಟಗೊಳಿಸುವ ವಿಷವನ್ನು ಉತ್ಪಾದಿಸುತ್ತವೆ. ಮುಚ್ಚಳ ಉಬ್ಬದೆ, ವಾಸನೆ ಕೆಡದೆಯೂ ವಿಷವಿರಬಹುದಾದ್ದರಿಂದ ರುಚಿ ನೋಡಿ ಪರೀಕ್ಷಿಸುವ ಪ್ರಶ್ನೆಯೇ ಇಲ್ಲ.

ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಅಳತೆ 4.6 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಈ ಬೀಜಕಗಳು ಮೊಳೆಯಲಾರವು; ಹುರುಳಿಕಾಯಿಯ ಪಿಎಚ್ ಐದಕ್ಕಿಂತ ಮೇಲಿದೆ, ಉಪ್ಪು ಅದನ್ನು ಇಳಿಸುವುದಿಲ್ಲ. ಹೀಗಾಗಿ ಬಾಟಲಿಯ ನಡುಭಾಗಕ್ಕೂ ಸಾಕಷ್ಟು ಹೊತ್ತು ಸುಮಾರು 116 ಡಿಗ್ರಿ ಶಾಖ ತಲುಪಿಸುವ ಪ್ರೆಶರ್ ಕ್ಯಾನರ್ ಅನಿವಾರ್ಯ. ಅಡುಗೆಮನೆಯ ಕುಕ್ಕರ್ ಅಷ್ಟು ಬಿಸಿಯಾಗುವುದು ನಿಜವಾದರೂ, ಅದು ಬೇಗ ಕಾದು ಬೇಗ ಆರುವುದರಿಂದ ಕ್ಯಾನರ್‌ಗಾಗಿ ಪರೀಕ್ಷಿಸಿದ ಅವಧಿಗಳು ಅದಕ್ಕೆ ಅನ್ವಯಿಸುವುದಿಲ್ಲ. ಸೀಟಿ ಎಣಿಸುವುದಂತೂ ಲೆಕ್ಕವೇ ಅಲ್ಲ.

ಕ್ಯಾನರ್ ಇಲ್ಲದಿದ್ದರೆ ಕಾಯಿಯನ್ನು ವಿನೆಗರ್‌ನಲ್ಲಿ ಹಾಕಿಡಿ. ಅಮೆರಿಕದ ಕೃಷಿ ಇಲಾಖೆಯ ಪರೀಕ್ಷಿತ ವಿಧಾನದಲ್ಲಿ 5 ಶೇಕಡಾ ಆಮ್ಲದ ವಿನೆಗರ್ ಮತ್ತು ನೀರು ಸಮಪಾಲು. ಬೆಂಗಳೂರಿನ ಎತ್ತರಕ್ಕೆ ಕುದಿನೀರಿನಲ್ಲಿ 10 ನಿಮಿಷ ಸಾಕು. ಹುಳಿ ಹೆಚ್ಚಾಯಿತೆಂದು ವಿನೆಗರ್ ತಗ್ಗಿಸಬೇಡಿ, ಬೇಕಿದ್ದರೆ ಸಕ್ಕರೆ ಸೇರಿಸಿ. ಹುಳಿಯೇ ಬೇಡವೆಂದಾದರೆ ಫ್ರೀಜರ್ ಇದೆ.